ಬ್ಯಾಲೆನ್ಸ್ ಶೀಟ್‌ನಲ್ಲಿ ಯಾವುದು ಕರೆಂಟ್, ಯಾವುದು ನಾನ್‌ಕರೆಂಟ್: ಒಂದು ಮರಗೆಲಸದ ಕಂಪನಿಯ ಲೆಕ್ಕ ಹಿಡಿದು ನೋಡೋಣ

ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಒಂದು ಬ್ಯಾಲೆನ್ಸ್ ಶೀಟ್ ತಯಾರಿಸಿ ಕೊಟ್ಟಿದ್ದೆ. ಎರಡೂ ಕಡೆಯ ಮೊತ್ತ ಒಂದು ಪೈಸೆಯೂ ಆಚೀಚೆ ಇಲ್ಲದೆ ತಾಳೆಯಾಗಿತ್ತು. ಆ ಖುಷಿಯಲ್ಲೇ ಆಡಿಟರ್ ಮುಂದೆ ಇಟ್ಟೆ. ಅವರು ಮೊತ್ತದ ಕಡೆ ನೋಡಲೇ ಇಲ್ಲ. ಬ್ಯಾಂಕ್ ಸಾಲದ ಸಾಲಿನ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ, "ಇದು ಪೂರ್ತಿ ಇಲ್ಲೇ ಕೂರುತ್ತಾ?" ಎಂದರು. ಐದು ವರ್ಷದ ಸಾಲ ಅಂದಮೇಲೆ ದೀರ್ಘಾವಧಿಯದೇ ಅಲ್ವಾ ಅಂತ ನಾನು ಅಷ್ಟನ್ನೂ ನಾನ್‌ಕರೆಂಟ್ ಗುಂಪಿಗೆ ಹಾಕಿಬಿಟ್ಟಿದ್ದೆ. ಮೊತ್ತ ತಾಳೆಯಾಗಿದ್ದರೂ ಶೀಟ್ ತಪ್ಪಾಗಿತ್ತು.

ಈ ಲೇಖನ ಆ ಪೆನ್ಸಿಲ್ ಸುತ್ತಿನ ಬಗ್ಗೆ. ಯಾವ ಸಾಲು ಯಾವ ಗುಂಪಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ, ತಪ್ಪಿದರೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಒಂದೇ ಕಂಪನಿಯ ಲೆಕ್ಕ ಹಿಡಿದು ನೋಡೋಣ. ಪಠ್ಯಪುಸ್ತಕದಲ್ಲಿ ಚಾಲ್ತಿ ಆಸ್ತಿ, ಚಾಲ್ತಿಯಲ್ಲದ ಆಸ್ತಿ ಎಂದಿರುತ್ತದೆ. ಆಫೀಸಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ಕರೆಂಟ್, ನಾನ್‌ಕರೆಂಟ್ ಎಂದೇ ಹೇಳುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಮೊದಲು ಚೌಕಟ್ಟು

ಬ್ಯಾಲೆನ್ಸ್ ಶೀಟ್ ಎಂದರೆ ಒಂದು ದಿನದ ಫೋಟೋ. ವರ್ಷದ ಕಥೆ ಅದರಲ್ಲಿ ಇರುವುದಿಲ್ಲ, ಅದು ಲಾಭ-ನಷ್ಟದ ಪಟ್ಟಿಯ ಕೆಲಸ. ಆ ಒಂದು ದಿನ ಕೆಲಸ ಮುಗಿದ ಹೊತ್ತಿಗೆ ಕಂಪನಿಯ ಹತ್ತಿರ ಏನೇನಿದೆ ಎಂಬುದು ಆಸ್ತಿ. ಹೊರಗಿನವರಿಗೆ ಎಷ್ಟು ಕೊಡಬೇಕು ಎಂಬುದು ಹೊಣೆಗಾರಿಕೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಮಾಲೀಕರ ಪಾಲು, ಅಂದರೆ ಹೂಡಿದ ಬಂಡವಾಳ ಮತ್ತು ಹಂಚದೆ ಉಳಿಸಿಕೊಂಡ ಲಾಭ.

ಆಸ್ತಿಯಲ್ಲಿ ಎರಡು ಗುಂಪು, ಹೊಣೆಗಾರಿಕೆಯಲ್ಲಿ ಎರಡು ಗುಂಪು. ಮಾಲೀಕರ ಪಾಲನ್ನು ಹೀಗೆ ಒಡೆಯುವುದಿಲ್ಲ, ಯಾಕೆಂದರೆ ಅದಕ್ಕೆ ವಾಪಸ್ ಕೊಡುವ ದಿನಾಂಕವೇ ಇಲ್ಲ. ಕರೆಂಟ್ ಮೇಲೆ ಬರಬೇಕೋ ನಾನ್‌ಕರೆಂಟ್ ಮೇಲೆ ಬರಬೇಕೋ ಎಂಬ ಜಗಳ ಕೆಲವು ಆಫೀಸುಗಳಲ್ಲಿ ನಡೆಯುತ್ತದೆ. ಸುಮ್ನೆ ಹೊತ್ತು ಹಾಳು. ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಎಸ್ 1 ಯಾವ ಕ್ರಮವನ್ನೂ ಕಡ್ಡಾಯ ಮಾಡಿಲ್ಲ. ಗುಂಪು ಬೇರೆ ಬೇರೆ ಇರಬೇಕು, ಅಷ್ಟೇ. ಬ್ಯಾಂಕಿನಂಥ ಸಂಸ್ಥೆಗಳಿಗೆ ಮಾತ್ರ ಈ ವಿಂಗಡಣೆ ಹೊಂದುವುದಿಲ್ಲ, ಅವು ಬೇಗ ನಗದಾಗುವುದರಿಂದ ನಿಧಾನಕ್ಕೆ ಆಗುವುದರವರೆಗೆ ಸಾಲಾಗಿ ಬರೆಯಬಹುದು. 2027ರ ಜನವರಿ 1ರಿಂದ ಐಎಎಸ್ 1ರ ಜಾಗಕ್ಕೆ ಐಎಫ್‌ಆರ್‌ಎಸ್ 18 ಬರುತ್ತದೆ. ನಾವಿಲ್ಲಿ ಮಾತಾಡುವ ವಿಂಗಡಣೆಯ ನಿಯಮಗಳು ಅದರಲ್ಲೂ ಹಾಗೇ ಮುಂದುವರಿಯುತ್ತವೆ.

ನಮ್ಮ ಕಂಪನಿ

ಮರದ ಪೀಠೋಪಕರಣ ಮಾಡುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಲೆಕ್ಕದ ದಿನ 2024ರ ಡಿಸೆಂಬರ್ 31. ಅಂಕಿಗಳೆಲ್ಲ ಸಾವಿರಗಳಲ್ಲಿವೆ, ನಾಣ್ಯ ಯಾವುದಾದರೂ ಇರಲಿ.

ಆಸ್ತಿ ಕಡೆ ಏನೇನಿದೆ ನೋಡಿ. ಬ್ಯಾಂಕ್ ಖಾತೆಯಲ್ಲಿ 90. ಸಾಲದ ಭದ್ರತೆಗೆ ಅಂತ ಬ್ಯಾಂಕ್ 2027ರವರೆಗೆ ಹಿಡಿದಿಟ್ಟುಕೊಂಡಿರುವ ಠೇವಣಿ 60. ಗಿರಾಕಿಗಳಿಂದ ಬರಬೇಕಾದ ಬಾಕಿ 300. ದಾಸ್ತಾನು 420, ಇದರಲ್ಲಿ 150 ಇನ್ನೂ ಒಣಗುತ್ತಿರುವ ದಪ್ಪ ಹಲಗೆಗಳದ್ದು. ಮುಂಚಿತವಾಗಿ ಕಟ್ಟಿದ ವಿಮೆ 30. ಒಬ್ಬ ನೌಕರನಿಗೆ ಕೊಟ್ಟ ಸಾಲ 20. ಯಂತ್ರಗಳು ಸವಕಳಿ ಕಳೆದು 600. ಒಟ್ಟು 1,520.

ಹೊಣೆ ಕಡೆ ಸರಕು ಕೊಟ್ಟವರಿಗೆ 210, ಓವರ್‌ಡ್ರಾಫ್ಟ್ 80, ಕೊಡಬೇಕಾದ ಸಂಬಳ ಮತ್ತು ತೆರಿಗೆ 40, ಗಿರಾಕಿಗಳು ಕೊಟ್ಟ ಮುಂಗಡ 50, ಬ್ಯಾಂಕಿನ ಅವಧಿ ಸಾಲ 420, ಮುಂದೂಡಿದ ತೆರಿಗೆ 20. ಒಟ್ಟು 820. ಉಳಿದ 700 ಮಾಲೀಕರ ಪಾಲು: ಬಂಡವಾಳ 400, ಉಳಿಸಿಕೊಂಡ ಲಾಭ 300.

ಈಗ ಒಂದೊಂದನ್ನೇ ಎತ್ತಿ ಅದರದರ ಗುಂಪಿಗೆ ಹಾಕಬೇಕು.

ಆಸ್ತಿ: ಹನ್ನೆರಡು ತಿಂಗಳೊಂದೇ ಅಳತೆಗೋಲಲ್ಲ

ಎಲ್ಲರಿಗೂ ಬಾಯಿಪಾಠ ಆಗಿರುವ ಮಾತು ಒಂದಿದೆ: ಒಂದು ವರ್ಷದೊಳಗೆ ನಗದಾದರೆ ಕರೆಂಟ್, ಇಲ್ಲದಿದ್ದರೆ ನಾನ್‌ಕರೆಂಟ್. ಇದು ಅರ್ಧ ಸತ್ಯ. ನಿಯಮದಲ್ಲಿ ಕರೆಂಟ್ ಆಸ್ತಿಗೆ ನಾಲ್ಕು ಬಾಗಿಲು ಇವೆ. ಯಾವುದಾದರೂ ಒಂದರಿಂದ ಒಳಗೆ ಬಂದರೆ ಸಾಕು. ಕಂಪನಿಯ ಮಾಮೂಲಿ ವ್ಯವಹಾರ ಚಕ್ರದೊಳಗೆ ಮಾರಾಟವಾಗುವುದು ಅಥವಾ ಬಳಕೆಯಾಗುವುದು ಮೊದಲನೆಯ ಬಾಗಿಲು. ಕೊಂಡು ಮಾರುವ ಉದ್ದೇಶಕ್ಕೇ ಇಟ್ಟುಕೊಂಡದ್ದು ಎರಡನೆಯದು. ಲೆಕ್ಕದ ದಿನದಿಂದ ಹನ್ನೆರಡು ತಿಂಗಳೊಳಗೆ ಕೈಗೆ ಬರುವುದು ಮೂರನೆಯದು. ಯಾವ ತಡೆಯೂ ಇಲ್ಲದ ನಗದು ಕೊನೆಯದು.

ಜನ ಮರೆಯುವುದು ಮೊದಲನೆಯದನ್ನು. ವ್ಯವಹಾರ ಚಕ್ರ ಎಂದರೆ ಕಚ್ಚಾ ಸಾಮಾನು ಕೊಂಡ ದಿನದಿಂದ ಅದೇ ಸಾಮಾನು ಮಾಲಾಗಿ, ಮಾರಾಟವಾಗಿ, ಹಣವಾಗಿ ವಾಪಸ್ ಬರುವವರೆಗಿನ ಕಾಲ. ನಮ್ಮ ಕಂಪನಿಯ ಅಂಗಳಕ್ಕೆ ಹೋಗಿ ನೋಡಿ. ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಗಾಳಿ ಆಡಲಿ ಅಂತ ನಡುವೆ ಸಣ್ಣ ಪಟ್ಟಿಗಳನ್ನು ಇಟ್ಟಿದ್ದಾರೆ. ಗಾಳಿಯಲ್ಲೇ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎನ್ನುವುದು ಮರಗೆಲಸದವರ ಹಳೆಯ ಅಂದಾಜು. ಎರಡು ಇಂಚಿನ ಹಲಗೆ ಎರಡು ವರ್ಷ ಅಲ್ಲೇ ಕೂರುತ್ತದೆ. ಆಮೇಲೆ ಎರಡು ತಿಂಗಳು ಮೇಜು ಮಾಡಲು, ಮತ್ತೆರಡು ತಿಂಗಳು ಹಣ ವಸೂಲಾಗಲು. ಅಂದರೆ ಆ ಮಾಲಿನ ಚಕ್ರ ಎರಡು ವರ್ಷಕ್ಕಿಂತ ಜಾಸ್ತಿ.

ಹಾಗಾಗಿ ಇನ್ನೂ ಹದಿನೆಂಟು ತಿಂಗಳು ಒಣಗಬೇಕಾದ ಆ 150ರ ಹಲಗೆ ಕರೆಂಟೇ. ಕ್ಯಾಲೆಂಡರ್ ನೋಡಿ ಅದನ್ನು ನಾನ್‌ಕರೆಂಟ್‌ಗೆ ತಳ್ಳಿದರೆ ತಪ್ಪು. ಆದರೆ ಓದುವವರಿಗೆ ಮೋಸ ಆಗಬಾರದಲ್ಲ, ಅದಕ್ಕೇ ಹನ್ನೆರಡು ತಿಂಗಳ ನಂತರ ನಗದಾಗುವ ಭಾಗ ಎಷ್ಟು ಎಂದು ಟಿಪ್ಪಣಿಯಲ್ಲಿ ಬೇರೆಯಾಗಿ ಹೇಳಬೇಕು. ಚಕ್ರ ಎಷ್ಟು ಉದ್ದ ಎಂದು ಸ್ಪಷ್ಟವಾಗಿ ಗೊತ್ತಾಗದ ವ್ಯವಹಾರವಾದರೆ ಹನ್ನೆರಡು ತಿಂಗಳು ಎಂದೇ ಹಿಡಿಯಬೇಕು. ಇಷ್ಟ ಬಂದಂತೆ ಮೂರು ವರ್ಷ ಎಂದು ಎಳೆಯುವ ಹಾಗಿಲ್ಲ.

ಇಲ್ಲೊಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಎರಡು ವರ್ಷದಿಂದ ಹಣ ಕೊಡದ ಗಿರಾಕಿಯ ಬಾಕಿಯನ್ನೋ, ಯಾರೂ ಕೊಳ್ಳದೆ ಮೂಲೆಯಲ್ಲಿ ಧೂಳು ಹಿಡಿದ ಮಾಲನ್ನೋ ಕೆಲವರು ನಾನ್‌ಕರೆಂಟ್‌ಗೆ ಕಳಿಸಿ, "ನೋಡಿ, ನಿಧಾನಕ್ಕೆ ಬರುತ್ತೆ ಅಂತ ಪ್ರಾಮಾಣಿಕವಾಗಿ ತೋರಿಸಿದ್ದೇವೆ" ಎನ್ನುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಯಾವಾಗ ಬರುತ್ತದೆ ಎಂಬುದಲ್ಲ, ಬರುತ್ತದೋ ಇಲ್ಲವೋ ಎಂಬುದು. ಬರುವುದಿಲ್ಲ ಎಂದಾದರೆ ಮೊತ್ತವನ್ನೇ ಕಡಿಮೆ ಮಾಡಿ ನಷ್ಟ ತೋರಿಸಬೇಕು. ಜಾಗ ಬದಲಿಸಿದರೆ ನಷ್ಟ ಮಾಯವಾಗುವುದಿಲ್ಲ, ಮುಂದಿನ ವರ್ಷಕ್ಕೆ ಹೋಗುತ್ತದೆ ಅಷ್ಟೇ.

ಇನ್ನು ಠೇವಣಿ 60. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಅದು ಬ್ಯಾಂಕ್ ಖಾತೆಯ ಪಕ್ಕದಲ್ಲೇ ಇರುತ್ತದೆ. ಹೆಸರಲ್ಲೂ ಬ್ಯಾಂಕ್ ಇದೆ. ಅದಕ್ಕೇ ಕೈ ತಾನಾಗಿ ಎರಡನ್ನೂ ಕೂಡಿಸಿ ನಗದು 150 ಎಂದು ಬರೆದುಬಿಡುತ್ತದೆ. ಆದರೆ ಆ ಹಣವನ್ನು 2027ರವರೆಗೆ ಮುಟ್ಟುವ ಹಾಗಿಲ್ಲ. ಬಳಸಲು ಹನ್ನೆರಡು ತಿಂಗಳೋ ಅದಕ್ಕಿಂತ ಜಾಸ್ತಿಯೋ ತಡೆ ಇರುವ ನಗದು ಕರೆಂಟ್ ಅಲ್ಲ. ಖಾತೆಯ ಹೆಸರು ನೋಡಿ ಗುಂಪು ತೀರ್ಮಾನಿಸಬೇಡಿ, ಬ್ಯಾಂಕಿನವರು ವರ್ಷದ ಕೊನೆಗೆ ಕೊಡುವ ದೃಢೀಕರಣ ಪತ್ರ ತೆಗೆದು ನೋಡಿ. ಠೇವಣಿಯ ಮೇಲೆ ತಡೆ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ವಿಮೆಯನ್ನು ಒಡೆಯಬೇಕು. 2024ರ ಜುಲೈ 1ಕ್ಕೆ ಮೂರು ವರ್ಷಕ್ಕೆ 36 ಕಟ್ಟಿದ್ದಾರೆ, ಅಂದರೆ ತಿಂಗಳಿಗೆ 1. ಆರು ತಿಂಗಳು ಕಳೆದು 30 ಉಳಿದಿದೆ. ಮುಂದಿನ ಹನ್ನೆರಡು ತಿಂಗಳಿನ 12 ಕರೆಂಟ್, ಆಮೇಲಿನ 18 ನಾನ್‌ಕರೆಂಟ್. ನೌಕರನ ಸಾಲವೂ ಹಾಗೇ. ಮುಂದಿನ ವರ್ಷ ಸಂಬಳದಿಂದ ಹಿಡಿಯುವ 8 ಕರೆಂಟ್, ಉಳಿದ 12 ನಾನ್‌ಕರೆಂಟ್. ಮೊತ್ತ ತೀರಾ ಸಣ್ಣದಾದರೆ ಯಾರೂ ಒಡೆಯಲು ಹೋಗುವುದಿಲ್ಲ, ಅದು ಸರಿಯೇ. ಯಂತ್ರಗಳು 600 ಪೂರ್ತಿ ನಾನ್‌ಕರೆಂಟ್. ಮುಂದಿನ ವರ್ಷ ಅವುಗಳ ಮೇಲೆ ಇಷ್ಟು ಸವಕಳಿ ಬೀಳುತ್ತದೆ ಎಂದು ಆ ಭಾಗವನ್ನು ಕರೆಂಟ್‌ಗೆ ತರುವುದಿಲ್ಲ. ಈ ಪ್ರಶ್ನೆ ನಿಜವಾಗಿ ಕೇಳುತ್ತಾರೆ, ಅದಕ್ಕೇ ಹೇಳಿದೆ.

ಹೀಗೆ ಕರೆಂಟ್ ಆಸ್ತಿ 90, 300, 420, 12, 8 ಸೇರಿ 830. ನಾನ್‌ಕರೆಂಟ್ 600, 60, 18, 12 ಸೇರಿ 690.

ಹೊಣೆ: ಇಲ್ಲಿ ಲೆಕ್ಕಕ್ಕೆ ಬರುವುದು ಆಸೆಯಲ್ಲ, ಹಕ್ಕು

ಆಸ್ತಿ ಕಡೆ ನಾವು ಏನು ಕೇಳುತ್ತಿದ್ದೆವು? ಕಂಪನಿ ಇದನ್ನು ಯಾವಾಗ ನಗದಾಗಿಸಬಹುದು ಎಂದು ನಿರೀಕ್ಷಿಸುತ್ತದೆ, ಏನು ಮಾಡಬೇಕೆಂದು ಇಟ್ಟುಕೊಂಡಿದೆ ಎಂದು. ಹೊಣೆ ಕಡೆ ಬಂದ ಕೂಡಲೇ ಪ್ರಶ್ನೆ ಬದಲಾಗುತ್ತದೆ. ಲೆಕ್ಕದ ದಿನ ಈ ಹಣ ಕೊಡುವುದನ್ನು ಕನಿಷ್ಠ ಹನ್ನೆರಡು ತಿಂಗಳು ಮುಂದೂಡುವ ಹಕ್ಕು ಕಂಪನಿಗೆ ಇದೆಯಾ? ಇದ್ದರೆ ನಾನ್‌ಕರೆಂಟ್, ಇಲ್ಲದಿದ್ದರೆ ಕರೆಂಟ್. ಸಾಲ ಕೊಟ್ಟವರು ಕೇಳುವುದಿಲ್ಲ ಬಿಡಿ ಎಂಬ ನಂಬಿಕೆಗೆ ಇಲ್ಲಿ ಬೆಲೆ ಇಲ್ಲ. ಈ ವ್ಯತ್ಯಾಸ ತಲೆಗೆ ಹೋದರೆ ಉಳಿದದ್ದು ಸಲೀಸು.

ಓವರ್‌ಡ್ರಾಫ್ಟನ್ನೇ ನೋಡಿ. "ಹತ್ತು ವರ್ಷದಿಂದ ನಡೆಯುತ್ತಿದೆ, ಪ್ರತಿ ವರ್ಷ ನವೀಕರಣ ಆಗುತ್ತದೆ, ಇದು ದೀರ್ಘಾವಧಿಯದ್ದೇ" ಎಂದು ಮಾಲೀಕರು ವಾದಿಸುತ್ತಾರೆ. ನಡೆದು ಬಂದಿರುವುದು ನಿಜ. ಆದರೆ ಬ್ಯಾಂಕ್ ನಾಳೆ ಬೆಳಿಗ್ಗೆ ಕಟ್ಟಿ ಎಂದರೆ ಕಟ್ಟಬೇಕು. ಹಕ್ಕು ಬ್ಯಾಂಕಿನ ಕೈಯಲ್ಲಿದೆ. 80 ಪೂರ್ತಿ ಕರೆಂಟ್.

ಸರಕು ಕೊಟ್ಟವರ ಬಾಕಿ, ಸಂಬಳದ ಬಾಕಿ ಇವು ದಿನನಿತ್ಯದ ವ್ಯವಹಾರಕ್ಕೆ ಸೇರಿದವು. ಆಸ್ತಿ ಕಡೆ ಹಲಗೆಗೆ ಕೊಟ್ಟ ವ್ಯವಹಾರ ಚಕ್ರದ ಅಳತೆಯೇ ಇವಕ್ಕೂ ಸಲ್ಲುತ್ತದೆ. ಮರ ಪೂರೈಸಿದವರು ಹದಿನಾಲ್ಕು ತಿಂಗಳ ಉದ್ದರಿ ಕೊಟ್ಟಿದ್ದರೂ ಅದು ಕರೆಂಟೇ. ಆಸ್ತಿಗೆ ಉದ್ದದ ಕೋಲು, ಹೊಣೆಗೆ ಗಿಡ್ಡದ ಕೋಲು ಹಿಡಿಯುವ ಹಾಗಿಲ್ಲ. ಗಿರಾಕಿಗಳ ಮುಂಗಡ 50ಕ್ಕೆ ಮಾಲು ಮುಂದಿನ ವರ್ಷ ಕೊಡಬೇಕು, ಅದೂ ಕರೆಂಟ್. ಮುಂದೂಡಿದ ತೆರಿಗೆ ಮಾತ್ರ ಯಾವಾಗಲೂ ನಾನ್‌ಕರೆಂಟ್, ಅದರಲ್ಲಿ ಯೋಚಿಸುವುದೇ ಬೇಡ. ನಿಯಮವೇ ಹಾಗೆ ಹೇಳಿಬಿಟ್ಟಿದೆ.

ಅವಧಿ ಸಾಲ: ಪೆನ್ಸಿಲ್ ಸುತ್ತು ಬಿದ್ದ ಜಾಗ

ಕಂಪನಿ 2023ರ ಜುಲೈ 1ಕ್ಕೆ 600 ಸಾಲ ತೆಗೆದಿದೆ. ಅಸಲು ಪ್ರತಿ ತಿಂಗಳ ಕೊನೆಗೆ 10ರಂತೆ ಅರವತ್ತು ಕಂತು, ಬಡ್ಡಿ ಬೇರೆ. 2024ರ ಡಿಸೆಂಬರ್ ಹೊತ್ತಿಗೆ ಹದಿನೆಂಟು ಕಂತು ಕಟ್ಟಿ 420 ಉಳಿದಿದೆ. ಮುಂದಿನ ಹನ್ನೆರಡು ತಿಂಗಳಲ್ಲಿ ಕಟ್ಟಬೇಕಾದ ಅಸಲು 120. ಅದು ಕರೆಂಟ್. ಉಳಿದ 300 ನಾನ್‌ಕರೆಂಟ್. ಒಂದೇ ಸಾಲ, ಒಂದೇ ಖಾತೆ, ಆದರೆ ಶೀಟ್‌ನಲ್ಲಿ ಎರಡು ಕಡೆ.

ಇದನ್ನು ತಿಳಿದವರೂ ಎಡವುವ ಜಾಗ ಬಡ್ಡಿ. ಬ್ಯಾಂಕಿನಿಂದ ಬಂದ ಕಂತಿನ ಪಟ್ಟಿಯಲ್ಲಿ ಅಸಲು, ಬಡ್ಡಿ ಕೂಡಿಸಿ ತಿಂಗಳ ಒಟ್ಟು ಮೊತ್ತ ದಪ್ಪಕ್ಷರದಲ್ಲಿ ಇರುತ್ತದೆ. ಅದನ್ನೇ ಹನ್ನೆರಡು ತಿಂಗಳಿಗೆ ಕೂಡಿಸಿ ಕರೆಂಟ್ ಭಾಗ ಎಂದು ಬರೆಯುತ್ತಾರೆ. ಬಡ್ಡಿ ತಿಂಗಳಿಗೆ ನೂರಕ್ಕೆ 1 ಎಂದಿಟ್ಟುಕೊಳ್ಳಿ. ಜನವರಿಯ ಬಡ್ಡಿ 420ರ ಮೇಲೆ 4.2. ಆಮೇಲೆ ತಿಂಗಳಿಗೆ 0.1ರಂತೆ ಇಳಿಯುತ್ತಾ ಡಿಸೆಂಬರ್‌ಗೆ 3.1. ವರ್ಷದ್ದೆಲ್ಲ ಸೇರಿ 43.8. ಅದನ್ನೂ ಕೂಡಿಸಿದರೆ ಕರೆಂಟ್ ಭಾಗ 163.8 ಆಗುತ್ತದೆ, ನಾನ್‌ಕರೆಂಟ್ 256.2ಕ್ಕೆ ಇಳಿಯುತ್ತದೆ. ಮೊತ್ತ 420 ಆದ್ದರಿಂದ ಶೀಟ್ ತಾಳೆಯಾಗುತ್ತದೆ, ಯಾರಿಗೂ ಅನುಮಾನವೇ ಬರುವುದಿಲ್ಲ. ಆದರೆ ಬರುವ ವರ್ಷದ ಬಡ್ಡಿ ಇನ್ನೂ ಹುಟ್ಟೇ ಇಲ್ಲ. ದಿನ ಕಳೆದಂತೆ ಅದು ಹುಟ್ಟಬೇಕು. ಲೆಕ್ಕದ ದಿನದವರೆಗೆ ಆಗಿರುವ, ಇನ್ನೂ ಕಟ್ಟದ ಬಡ್ಡಿ ಇದ್ದರೆ ಅದನ್ನು ಬೇರೆ ಸಾಲಿನಲ್ಲಿ ಕರೆಂಟ್ ಹೊಣೆ ಎಂದು ಬರೆಯಬೇಕು. ನಮ್ಮ ಕಂಪನಿ ತಿಂಗಳ ಕೊನೆಗೇ ಬಡ್ಡಿ ಕಟ್ಟುವುದರಿಂದ ಹಾಗೆ ಉಳಿದದ್ದು ಏನಿಲ್ಲ.

ಈಗ ಪೂರ್ತಿ ಶೀಟ್ ಹೀಗೆ ಕೂರುತ್ತದೆ:

| ಆಸ್ತಿ | | ಹೊಣೆ ಮತ್ತು ಮಾಲೀಕರ ಪಾಲು | |
|---|---|---|---|
| ನಾನ್‌ಕರೆಂಟ್ | | ಮಾಲೀಕರ ಪಾಲು | |
| ಯಂತ್ರಗಳು | 600 | ಬಂಡವಾಳ | 400 |
| ತಡೆ ಇರುವ ಠೇವಣಿ | 60 | ಉಳಿಸಿಕೊಂಡ ಲಾಭ | 300 |
| ಮುಂಚಿತ ವಿಮೆ | 18 | ನಾನ್‌ಕರೆಂಟ್ ಹೊಣೆ | |
| ನೌಕರನ ಸಾಲ | 12 | ಅವಧಿ ಸಾಲ | 300 |
| ಕರೆಂಟ್ | | ಮುಂದೂಡಿದ ತೆರಿಗೆ | 20 |
| ದಾಸ್ತಾನು | 420 | ಕರೆಂಟ್ ಹೊಣೆ | |
| ಗಿರಾಕಿಗಳ ಬಾಕಿ | 300 | ಸರಕು ಕೊಟ್ಟವರಿಗೆ | 210 |
| ಮುಂಚಿತ ವಿಮೆ | 12 | ಅವಧಿ ಸಾಲದ ಮುಂದಿನ ವರ್ಷದ ಕಂತು | 120 |
| ನೌಕರನ ಸಾಲ | 8 | ಓವರ್‌ಡ್ರಾಫ್ಟ್ | 80 |
| ನಗದು, ಬ್ಯಾಂಕ್ | 90 | ಗಿರಾಕಿಗಳ ಮುಂಗಡ | 50 |
| | | ಸಂಬಳ, ತೆರಿಗೆ | 40 |
| ಒಟ್ಟು | 1,520 | ಒಟ್ಟು | 1,520 |

ಕರೆಂಟ್ ಆಸ್ತಿ 830, ಕರೆಂಟ್ ಹೊಣೆ 500. ವರ್ಷದೊಳಗೆ ಕೊಡಬೇಕಾದ ಪ್ರತಿ 1ಕ್ಕೆ ಕೈಯಲ್ಲಿ 1.66 ಇದೆ. ನಾನು ಆ ಮೊದಲ ವರ್ಷ ಮಾಡಿದ ಹಾಗೆ ಸಾಲವನ್ನು ಪೂರ್ತಿ ನಾನ್‌ಕರೆಂಟ್‌ಗೆ ಹಾಕಿದ್ದರೆ ಕರೆಂಟ್ ಹೊಣೆ 380ಕ್ಕೆ ಇಳಿದು ಈ ಅನುಪಾತ 2.18 ಆಗುತ್ತಿತ್ತು. ಜೊತೆಗೆ ಆ ಠೇವಣಿಯನ್ನೂ ನಗದಿಗೆ ಸೇರಿಸಿದ್ದರೆ 2.34. ಒಂದು ಪೈಸೆ ಸಂಪಾದಿಸದೆ ಕಂಪನಿ ಗಟ್ಟಿಮುಟ್ಟಾಗಿ ಕಾಣುತ್ತಿತ್ತು.

ಈಗ ಒಪ್ಪಂದ ತೆಗೆದು ಓದಿ

ಇಷ್ಟಕ್ಕೇ ಮುಗಿಯಿತು ಎಂದುಕೊಂಡು ಶೀಟ್ ಕಳಿಸಬೇಡಿ. ಸಾಲದ ಒಪ್ಪಂದದ ಹಿಂದಿನ ಪುಟಗಳಲ್ಲಿ ಷರತ್ತುಗಳಿರುತ್ತವೆ. ನಮ್ಮ ಒಪ್ಪಂದದಲ್ಲಿ ಒಂದಿದೆ ಎನ್ನೋಣ: ಪ್ರತಿ ಡಿಸೆಂಬರ್ 31ರಂದು ಒಟ್ಟು ಹೊಣೆ ಮಾಲೀಕರ ಪಾಲಿಗಿಂತ ಜಾಸ್ತಿ ಇರಬಾರದು, ಇದ್ದರೆ ಬ್ಯಾಂಕ್ ಪೂರ್ತಿ ಸಾಲವನ್ನು ಆಗಲೇ ವಾಪಸ್ ಕೇಳಬಹುದು.

ನಮ್ಮ ಹೊಣೆ 820, ಮಾಲೀಕರ ಪಾಲು 700. ಷರತ್ತು ಮುರಿದಿದೆ.

ಕಂತು ಒಂದೂ ತಪ್ಪಿಲ್ಲ. ಬ್ಯಾಂಕ್ ಫೋನ್ ಕೂಡ ಮಾಡಿಲ್ಲ. ಆದರೂ ಆ ದಿನದ ಮಟ್ಟಿಗೆ ಸಾಲವನ್ನು ಹನ್ನೆರಡು ತಿಂಗಳು ಮುಂದೂಡುವ ಹಕ್ಕು ಕಂಪನಿಯ ಕೈ ಬಿಟ್ಟಿದೆ. ಹಾಗಾಗಿ ಆ 300 ಕೂಡ ಕರೆಂಟ್‌ಗೆ ಬರುತ್ತದೆ. ಕರೆಂಟ್ ಹೊಣೆ 500 ಇದ್ದದ್ದು 800. ಅನುಪಾತ 1.66ರಿಂದ 1.04ಕ್ಕೆ ಬೀಳುತ್ತದೆ. ಕರೆಂಟ್ ಆಸ್ತಿಯಲ್ಲಿ ಕರೆಂಟ್ ಹೊಣೆ ಕಳೆದು ಉಳಿಯುವ ದುಡಿಯುವ ಬಂಡವಾಳ 330 ಇದ್ದದ್ದು 30 ಆಗುತ್ತದೆ. ವ್ಯವಹಾರದಲ್ಲಿ ಏನೂ ಬದಲಾಗಿಲ್ಲ, ಶೀಟ್ ಬೇರೆಯೇ ಆಗಿಬಿಟ್ಟಿದೆ.

ಆಗ ಮಾಲೀಕರು ಬ್ಯಾಂಕಿಗೆ ಓಡುತ್ತಾರೆ. 2025ರ ಜನವರಿ 20ಕ್ಕೆ ಬ್ಯಾಂಕ್ ಮನ್ನಿಸಿ ಪತ್ರ ಕೊಡುತ್ತದೆ: "ಈ ಸಲ ಬಿಟ್ಟಿದ್ದೇವೆ, ಸಾಲ ವಾಪಸ್ ಕೇಳುವುದಿಲ್ಲ." ಲೆಕ್ಕಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಈಗ ವಾಪಸ್ ನಾನ್‌ಕರೆಂಟ್‌ಗೆ ಹಾಕಬಹುದಲ್ವಾ? ಐಎಎಸ್ 1ರ ಪ್ರಕಾರ ಹಾಕುವ ಹಾಗಿಲ್ಲ. ಪತ್ರದ ತಾರೀಖು ಲೆಕ್ಕದ ದಿನ ದಾಟಿದೆ, ಫೋಟೋ ತೆಗೆದಾಗಿದೆ. ಪತ್ರ ಬಂದ ವಿಷಯವನ್ನು ಟಿಪ್ಪಣಿಯಲ್ಲಿ ಬರೆಯಬೇಕು, ಸಾಲು ಮಾತ್ರ ಕರೆಂಟ್‌ನಲ್ಲೇ ಇರುತ್ತದೆ.

ಸರಿ, ಪತ್ರ ಡಿಸೆಂಬರ್ 28ಕ್ಕೇ ಬಂದಿತ್ತು ಎಂದುಕೊಳ್ಳಿ. ಆಗಲೂ ಒಳಗೆ ಏನು ಬರೆದಿದೆ ಎಂದು ಓದಬೇಕು. "ಮೂರು ತಿಂಗಳ ಕಾಲಾವಕಾಶ ಕೊಟ್ಟಿದ್ದೇವೆ, ಅಷ್ಟರಲ್ಲಿ ಸರಿಪಡಿಸಿಕೊಳ್ಳಿ" ಎಂದಿದ್ದರೆ ಉಪಯೋಗವಿಲ್ಲ. ಆ ಕಾಲಾವಕಾಶ ಲೆಕ್ಕದ ದಿನದಿಂದ ಮುಂದೆ ಕನಿಷ್ಠ ಹನ್ನೆರಡು ತಿಂಗಳು ಇರಬೇಕು, ಆ ಅವಧಿಯಲ್ಲಿ ಬ್ಯಾಂಕ್ ಪೂರ್ತಿ ಸಾಲ ಕೇಳುವ ಹಾಗಿರಬಾರದು. ಆಗ ಮಾತ್ರ 300 ನಾನ್‌ಕರೆಂಟ್. ಅದಕ್ಕೇ ಅನುಭವ ಇರುವವರು ವರ್ಷ ಮುಗಿದ ಮೇಲೆ ಷರತ್ತು ಪರೀಕ್ಷಿಸುವುದಿಲ್ಲ. ನವೆಂಬರ್ ಕೊನೆಯ ಅಂಕಿಗಳನ್ನು ಇಟ್ಟುಕೊಂಡು ಡಿಸೆಂಬರ್ 31ಕ್ಕೆ ಎಲ್ಲಿ ನಿಲ್ಲುತ್ತೇವೆ ಎಂದು ಲೆಕ್ಕ ಹಾಕುತ್ತಾರೆ, ಅನುಮಾನ ಬಂದರೆ ಡಿಸೆಂಬರ್‌ನಲ್ಲೇ ಬ್ಯಾಂಕಿಗೆ ಹೋಗುತ್ತಾರೆ. ಅದೇ ಪತ್ರ, ಮೂರು ವಾರ ಮೊದಲು ಬಂದರೆ ಸಾಕು.

ಷರತ್ತನ್ನು ಪಾಲಿಸಬೇಕಾದ ದಿನವೇ 2025ರ ಮಾರ್ಚ್ 31 ಎಂದಿದ್ದರೆ? ಡಿಸೆಂಬರ್ 31ಕ್ಕೆ ಅದು ಮುರಿದಿಲ್ಲ, ಯಾಕೆಂದರೆ ಪಾಲಿಸಬೇಕಾದ ದಿನವೇ ಇನ್ನೂ ಬಂದಿಲ್ಲ. ಸಾಲ ನಾನ್‌ಕರೆಂಟ್‌ನಲ್ಲೇ ಉಳಿಯುತ್ತದೆ. ಆದರೆ ಹನ್ನೆರಡು ತಿಂಗಳೊಳಗೆ ಇಂಥ ಷರತ್ತು ಇದೆ, ಮುರಿದರೆ ಇಷ್ಟು ಹಣ ಕೂಡಲೇ ಕೊಡಬೇಕಾಗಬಹುದು ಎಂದು ಟಿಪ್ಪಣಿಯಲ್ಲಿ ಬಿಚ್ಚಿ ಹೇಳಬೇಕು. ಇದು 2022ರಲ್ಲಿ ಮಾಡಿದ ತಿದ್ದುಪಡಿ, 2024ರ ಜನವರಿ 1ರಂದು ಅಥವಾ ಆಮೇಲೆ ಶುರುವಾಗುವ ಲೆಕ್ಕದ ವರ್ಷಗಳಿಗೆ ಅನ್ವಯ. ಹಳೆಯ ನೋಟ್ಸ್ ಓದಿ ಕಲಿತವರು ಇದೊಂದನ್ನು ಗಮನಿಸಿ.

ಹೊಸ ಸಾಲ ಪಡೆದು ಹಳೆಯದನ್ನು ತೀರಿಸುವ ವಿಚಾರದಲ್ಲೂ ತಾರೀಖೇ ಮುಖ್ಯ. ಷರತ್ತು ಮುರಿದ ನಮ್ಮ ಕಂಪನಿ 2025ರ ಫೆಬ್ರವರಿಯಲ್ಲಿ ಬೇರೆ ಬ್ಯಾಂಕಿನಿಂದ ಐದು ವರ್ಷದ ಸಾಲ ಪಡೆದು ಇದನ್ನು ತೀರಿಸಿದರೂ, ಡಿಸೆಂಬರ್ ಶೀಟ್‌ನಲ್ಲಿ 420 ಕರೆಂಟೇ. ಅಮೆರಿಕದ ಲೆಕ್ಕ ನಿಯಮ ಇಲ್ಲಿ ಸ್ವಲ್ಪ ಸಡಿಲ, ಲೆಕ್ಕಪತ್ರ ಹೊರಡುವ ಮೊದಲು ದೀರ್ಘಾವಧಿಯ ಹೊಸ ಸಾಲ ಆಗಿಹೋಗಿದ್ದರೆ ನಾನ್‌ಕರೆಂಟ್ ಎಂದು ತೋರಿಸಲು ಬಿಡುತ್ತದೆ. ಹಾಗಾಗಿ ಯಾವ ನಿಯಮದಡಿ ಲೆಕ್ಕ ಬರೆಯುತ್ತಿದ್ದೀರಿ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಇದರ ಉಲ್ಟಾ ಸಂಗತಿ ಇನ್ನೂ ಮಜವಾಗಿದೆ. ಷರತ್ತು ಏನೂ ಮುರಿದಿಲ್ಲ, ಮಾಲೀಕರ ಹತ್ತಿರ ಹಣ ಇದೆ, "ಮಾರ್ಚ್‌ನಲ್ಲಿ ಪೂರ್ತಿ ಸಾಲ ತೀರಿಸಿಬಿಡುತ್ತೇನೆ, ಕರೆಂಟ್‌ಗೆ ಹಾಕಿ" ಎನ್ನುತ್ತಾರೆ. ಹಾಕಬಾರದು. ಮುಂದೂಡುವ ಹಕ್ಕು ಇದೆ, ಅವರು ಅದನ್ನು ಬಳಸುತ್ತಾರೋ ಇಲ್ಲವೋ ಎಂಬುದು ಅವರ ಇಷ್ಟ. ಲೆಕ್ಕಪತ್ರಕ್ಕೆ ಸಹಿ ಹಾಕುವ ಮೊದಲೇ ಅವರು ನಿಜವಾಗಿ ತೀರಿಸಿಬಿಟ್ಟರೂ ಡಿಸೆಂಬರ್ 31ರ ಶೀಟ್‌ನಲ್ಲಿ 300 ನಾನ್‌ಕರೆಂಟ್.

ಸಹಿಗೆ ಕಳಿಸುವ ಮೊದಲು ಒಂದು ಚೆಕ್

ಆ ಆಡಿಟರ್ ನನಗೆ ಹೇಳಿಕೊಟ್ಟ ಒಂದು ಚೆಕ್ ಇದೆ, ಎರಡು ನಿಮಿಷದ ಕೆಲಸ. ಹಿಂದಿನ ವರ್ಷದ ಶೀಟ್ ಪಕ್ಕದಲ್ಲಿ ಇಟ್ಟುಕೊಳ್ಳಿ. 2023ರ ಡಿಸೆಂಬರ್ 31ಕ್ಕೆ ಆರು ಕಂತು ಕಟ್ಟಿ 540 ಉಳಿದಿತ್ತು. ಅದರಲ್ಲಿ 120 ಕರೆಂಟ್, 420 ನಾನ್‌ಕರೆಂಟ್. ಈಗ ಈ ವರ್ಷದ ಸಾಲದ ಒಟ್ಟು ಬಾಕಿ ನೋಡಿ: ಅದೂ 420. ಹಾಗೇ ಆಗಬೇಕು, ಯಾಕೆಂದರೆ ಹಿಂದಿನ ವರ್ಷದ ಕರೆಂಟ್ ಭಾಗ ಈ ವರ್ಷ ಕಟ್ಟಿ ಮುಗಿದಿದೆ, ಉಳಿದದ್ದು ಆಗಿನ ನಾನ್‌ಕರೆಂಟ್ ಮಾತ್ರ.

ಹೊಂದಲಿಲ್ಲ ಎಂದರೆ ಕಾರಣ ಎಲ್ಲೋ ಇದೆ. ಈ ವರ್ಷದ ಬಾಕಿ ಜಾಸ್ತಿ ಬಂದರೆ ಒಂದು ಕಂತು ತಪ್ಪಿದೆ, ಅಥವಾ ಮಧ್ಯದಲ್ಲಿ ಹೊಸದಾಗಿ ಸಾಲ ಪಡೆದಿದ್ದಾರೆ, ಅಥವಾ ಅಸಲಿನ ಕಂತನ್ನು ಯಾರೋ ಬಡ್ಡಿ ಖರ್ಚಿಗೆ ಬರೆದಿದ್ದಾರೆ. ಕಡಿಮೆ ಬಂದರೆ ಮುಂಚಿತವಾಗಿ ಕಟ್ಟಿರಬೇಕು, ಇಲ್ಲವೇ ಬಡ್ಡಿ ಕಟ್ಟಿದ್ದನ್ನೂ ಅಸಲಿಗೇ ಬರೆದುಬಿಟ್ಟಿರಬೇಕು. ವ್ಯತ್ಯಾಸ ಸರಿಯಾಗಿ 10 ಇದ್ದರೆ ಕಂತಿನ ವಿಷಯ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳ ಕೊನೆಯ ದಿನಗಳನ್ನು ಮಾತ್ರ ನೋಡಿದರೆ ಸಿಗುತ್ತದೆ. 4.7, 5.1ರಂಥ ಬಿಡಿ ಅಂಕಿ ಇದ್ದರೆ ಬಡ್ಡಿಯದ್ದು, ಸಾಲದ ಖಾತೆಯನ್ನೇ ಮೇಲಿಂದ ಕೆಳಗೆ ಓದಬೇಕು.